ಹಾಜರಿಗಿಂತ ಮೊದಲು ತರಗತಿಯ ಲೆಕ್ಕ

ಕೊನೆಯ ವರ್ಷದ ಎಂಜಿನಿಯರಿಂಗ್, ಎಂಸಿಎ ವಿದ್ಯಾರ್ಥಿಗಳು ಪ್ರಾಜೆಕ್ಟ್ ಶುರು ಮಾಡುವ ಮುನ್ನ ಗೈಡ್‌ಗೆ ಒಂದು ಸಿನಾಪ್ಸಿಸ್ ಕೊಡಬೇಕು. ಏನು ಮಾಡುತ್ತೇವೆ, ಏಕೆ, ಯಾವ ಮಾಡ್ಯೂಲ್‌ಗಳು, ಯಾವ ತಂತ್ರಜ್ಞಾನ ಎಂಬುದನ್ನು ಕೆಲವೇ ಪುಟಗಳಲ್ಲಿ ಹೇಳುವ ಬರಹ ಅದು. ಆನ್‌ಲೈನ್ ಹಾಜರಾತಿ ವ್ಯವಸ್ಥೆ ವರ್ಷವರ್ಷವೂ ಬರುವ ವಿಷಯ. ಆದರೆ ಅಂಥ ಸಿನಾಪ್ಸಿಸ್‌ಗಳಲ್ಲಿ ಹಾಜರಿ ಹಾಕುವ ವಿಧಾನಕ್ಕೆ ಸಿಗುವಷ್ಟು ಜಾಗ ಶೇಕಡಾವಾರು ಲೆಕ್ಕಕ್ಕೆ ಸಿಗುವುದಿಲ್ಲ. ವ್ಯವಸ್ಥೆ ಎಡವುವುದು ಅಲ್ಲೇ.

ವಿಟಿಯು ಕಾಲೇಜುಗಳಲ್ಲಿ ಪ್ರತಿ ವಿಷಯದಲ್ಲೂ ಶೇ 85 ಹಾಜರಾತಿ ಬೇಕು. ಐವತ್ತು ತರಗತಿ ನಡೆದಿದ್ದರೆ ಅದರ ಶೇ 85 ಎಂದರೆ 42.5; ಅಂದರೆ 43 ತರಗತಿಗೆ ಬಂದಿರಬೇಕು. ಇಷ್ಟು ಸುಲಭ. ಇನ್ನು ಲ್ಯಾಬ್ ನೋಡಿ. ಒಂದು ಸೆಕ್ಷನ್ನಿನಲ್ಲಿ ಬಿ1, ಬಿ2 ಎಂದು ಎರಡು ಬ್ಯಾಚ್, ಪ್ರತಿ ಬ್ಯಾಚ್‌ಗೆ 14 ಲ್ಯಾಬ್ ಎಂದುಕೊಳ್ಳೋಣ. ಬಿ1ರ ಹುಡುಗಿಯೊಬ್ಬಳು 13ಕ್ಕೆ ಬಂದಿದ್ದಾಳೆ. ಅವಳ ಹಾಜರಾತಿ ಸುಮಾರು ಶೇ 93. ಆ ವಿಷಯದ ಹೆಸರಿನಲ್ಲಿ ದಾಖಲಾದ ತರಗತಿಗಳನ್ನೆಲ್ಲ ಕಂಪ್ಯೂಟರ್ ಒಟ್ಟು ಮಾಡಿದರೆ 28 ಆಗುತ್ತದೆ, ಅವಳ ಹಾಜರಾತಿ ಶೇ 46ಕ್ಕೆ ಇಳಿಯುತ್ತದೆ. ಪ್ರೋಗ್ರಾಮ್ ಎಲ್ಲೂ ನಿಲ್ಲುವುದಿಲ್ಲ, ಎರರ್ ಕೂಡ ಬರುವುದಿಲ್ಲ. ತಪ್ಪು ಗೊತ್ತಾಗುವುದು ಹಾಲ್ ಟಿಕೆಟ್ ಹೊತ್ತಿಗೆ.

ಆದ್ದರಿಂದ ಸಿನಾಪ್ಸಿಸ್‌ನ ಡೇಟಾಬೇಸ್ ಭಾಗದಲ್ಲಿ ‘ತರಗತಿ’ಗೇ ಒಂದು ಟೇಬಲ್ ಇರಲಿ. ವಿಷಯ, ಬ್ಯಾಚ್, ದಿನಾಂಕ, ಅವಧಿ, ಪಾಠ ಮಾಡಿದವರು, ನಡೆಯಿತೋ ರದ್ದಾಯಿತೋ ಎಂಬುದು ಅದರಲ್ಲಿರಬೇಕು. ಯಾವ ವಿದ್ಯಾರ್ಥಿ ಯಾವ ಬ್ಯಾಚಿನಲ್ಲಿ, ಯಾವ ದಿನದಿಂದ ಇದ್ದಾನೆ ಎಂಬುದಕ್ಕೆ ಇನ್ನೊಂದು ಟೇಬಲ್. ತಡವಾಗಿ ಸೇರಿದವನಿಗೆ ಹಿಂದಿನ ತರಗತಿಗಳು ಲೆಕ್ಕಕ್ಕೆ ಬರುತ್ತವೋ ಇಲ್ಲವೋ ಎಂಬ ಕಾಲೇಜಿನ ನಿಯಮವನ್ನು ಜಾರಿಗೆ ತರಲು ಈ ದಿನಾಂಕ ಬೇಕೇ ಬೇಕು. ಹಾಜರಿಯ ಟೇಬಲ್ ಮೂರನೆಯದು. ಒಂದೇ ತರಗತಿಗೆ ಒಬ್ಬನ ಹೆಸರು ಎರಡು ಸಲ ಸೇರದಂತೆ ಅದರಲ್ಲಿ ಈ ಸಾಲು ಇರಬೇಕು:

```
UNIQUE (class_id, usn)
```

ಶೇಕಡಾವಾರನ್ನು ಮಾತ್ರ ಎಲ್ಲೂ ಬರೆದಿಡಬಾರದು. ಕೇಳಿದಾಗಲೆಲ್ಲ ಈ ಮೂರು ಟೇಬಲ್‌ಗಳಿಂದಲೇ ಲೆಕ್ಕ ಹಾಕಬೇಕು.

ಮಾಡ್ಯೂಲ್‌ಗಳು ನಾಲ್ಕು ಸಾಕು. ಅಡ್ಮಿನ್ ವಿಷಯ, ಬ್ಯಾಚ್, ಟೈಮ್‌ಟೇಬಲ್ ತುಂಬುತ್ತಾರೆ. ಅಧ್ಯಾಪಕರು ತರಗತಿ ತೆರೆದು ಹಾಜರಿ ಪಡೆಯುತ್ತಾರೆ. ವಿದ್ಯಾರ್ಥಿ ತನ್ನ ಲೆಕ್ಕ ನೋಡಿಕೊಳ್ಳುತ್ತಾನೆ. ಕೊನೆಯದು ವರದಿ: ಯಾರಿಗೆ ಶಾರ್ಟೇಜ್ ಎಂಬ ಪಟ್ಟಿ. ಹಾಜರಿಯನ್ನು ಆಮೇಲೆ ತಿದ್ದಿದರೆ ಯಾರು, ಯಾವಾಗ, ಏಕೆ ತಿದ್ದಿದರು ಎಂಬುದು ಅಳಿಸಲಾಗದಂತೆ ದಾಖಲಾಗಬೇಕು.

ತಂತ್ರಜ್ಞಾನದ ಆಯ್ಕೆಗೂ ಕಾರಣ ಕೊಡಬೇಕು. ಮೇಲಿನ ಟೇಬಲ್‌ಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಮೈಎಸ್‌ಕ್ಯುಎಲ್ ಸರಿಹೊಂದುತ್ತದೆ. ಅದರ ಮುಂದೆ ಪಿಎಚ್‌ಪಿಯೋ ಪೈಥಾನ್‌ನ ಜಾಂಗೋವೋ, ತಂಡಕ್ಕೆ ಯಾವುದು ಚೆನ್ನಾಗಿ ಬರುತ್ತದೋ ಅದು. ಜಾಂಗೋದಲ್ಲಿ ಲಾಗಿನ್, ಅಡ್ಮಿನ್ ಪುಟಗಳು ಸಿದ್ಧವಾಗಿಯೇ ಸಿಗುತ್ತವೆ ಎಂಬುದು ಸಮಯ ಕಡಿಮೆ ಇರುವವರಿಗೆ ಒಳ್ಳೆಯ ಕಾರಣ.

ಹಾಜರಿ ಪಡೆಯಲು ಪ್ರೊಜೆಕ್ಟರ್ ಮೇಲೆ ಕ್ಯೂಆರ್ ಕೋಡ್ ತೋರಿಸುವುದು ಅಗ್ಗದ ದಾರಿ. ಆದರೆ ಬದಲಾಗದ ಕೋಡ್‌ನ ಫೋಟೋ ವಾಟ್ಸ್‌ಆ್ಯಪ್‌ನಲ್ಲಿ ಹಾಸ್ಟೆಲ್ ತಲುಪಲು ಕ್ಷಣ ಸಾಕು. ಹದಿನೈದು ಸೆಕೆಂಡಿಗೊಮ್ಮೆ ಸರ್ವರ್ ಹೊಸ ಕೋಡ್ ಹುಟ್ಟಿಸಿ ಹಳೆಯದನ್ನು ತಿರಸ್ಕರಿಸಿದರೆ ಪ್ರಾಕ್ಸಿ ಕಷ್ಟವಾಗುತ್ತದೆ. ಮೊಬೈಲ್‌ನ ಲೊಕೇಶನ್ ಕೂಡ ಕೇಳಬಹುದು. ಆದರೆ ಕಟ್ಟಡದೊಳಗೆ ಜಿಪಿಎಸ್ ಹತ್ತಾರು ಮೀಟರ್ ತಪ್ಪುವುದರಿಂದ ಪಕ್ಕದ ಕೊಠಡಿ ಯಾವುದು, ಈ ಕೊಠಡಿ ಯಾವುದು ಎಂದು ಅದಕ್ಕೆ ತಿಳಿಯದು. ಆ್ಯಂಡ್ರಾಯ್ಡ್‌ನಲ್ಲಿ ಸುಳ್ಳು ಲೊಕೇಶನ್ ಕೊಡುವುದೂ ಸಾಧ್ಯ.

ಗೆಳೆಯನ ಕೈಗೆ ಫೋನನ್ನೇ ಕೊಟ್ಟು ಕಳಿಸಿದರೆ? ಅದನ್ನು ಯಾವ ಕೋಡೂ ಹಿಡಿಯದು. ಅಧ್ಯಾಪಕರ ಪರದೆ ಮೇಲೆ ಒಟ್ಟು ಹಾಜರಿ ದೊಡ್ಡದಾಗಿ ಕಾಣುವಂತೆ ಮಾಡುವುದೇ ಉಪಾಯ. ಪರದೆ 54 ಎಂದು ತೋರಿಸುವಾಗ ಕೊಠಡಿಯಲ್ಲಿ 51 ತಲೆಗಳಿದ್ದರೆ ಅಲ್ಲೇ ಹೆಸರು ಕರೆದು ನೋಡಬಹುದು. ಈ ಮಿತಿಯನ್ನು ಸಿನಾಪ್ಸಿಸ್‌ನಲ್ಲಿ ಮುಚ್ಚಿಡದೆ ಬರೆಯಬೇಕು, ಪರೀಕ್ಷಿಸುವ ಕ್ರಮವನ್ನೂ ಹೇಳಬೇಕು: ಒಂದು ಸೆಕ್ಷನ್ನಿನಲ್ಲಿ ಎರಡು ವಾರ ರಿಜಿಸ್ಟರ್ ಮತ್ತು ಹೊಸ ವ್ಯವಸ್ಥೆ ಎರಡನ್ನೂ ಒಟ್ಟಿಗೆ ನಡೆಸುವುದು, ಪ್ರತಿ ವಿದ್ಯಾರ್ಥಿಯ ಲೆಕ್ಕವನ್ನು ತಾಳೆ ನೋಡುವುದು. ವ್ಯತ್ಯಾಸ ಬಂದರೆ ಮೊದಲು ನೋಡಬೇಕಾದದ್ದು ಹಾಜರಿಯ ಪಟ್ಟಿಯನ್ನಲ್ಲ, ನಡೆದ ತರಗತಿಗಳ ಪಟ್ಟಿಯನ್ನು.