ಜರ್ಮನಿಗೆ ಒಂದು ರೆಸ್ಯೂಮೆ, ಅಮೆರಿಕಕ್ಕೆ ಇನ್ನೊಂದು

ಹುಬ್ಬಳ್ಳಿಯ ಕಾರ್ಖಾನೆಯೊಂದರಲ್ಲಿ ಐದು ವರ್ಷ ದುಡಿದ ಮೆಕ್ಯಾನಿಕಲ್ ಎಂಜಿನಿಯರೊಬ್ಬರು ಜರ್ಮನಿಯ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದಾರೆ ಎಂದಿಟ್ಟುಕೊಳ್ಳಿ. ಅವರ ಕೈಯಲ್ಲಿರುವುದು ಕ್ಯಾಂಪಸ್ ಇಂಟರ್‌ವ್ಯೂ ಕಾಲದಿಂದ ಬೆಳೆಯುತ್ತ ಬಂದ ನಾಲ್ಕು ಪುಟದ ರೆಸ್ಯೂಮೆ. ಮೇಲೆ ‘ಕೆರಿಯರ್ ಆಬ್ಜೆಕ್ಟಿವ್’, ಕೆಳಗೆ ತಂದೆಯ ಹೆಸರು, ಧರ್ಮ, ಮದುವೆಯ ವಿವರ, ಪಾಸ್‌ಪೋರ್ಟ್ ಸಂಖ್ಯೆ. ಕೊನೆಯಲ್ಲಿ ‘ಮೇಲಿನ ವಿವರಗಳೆಲ್ಲ ಸತ್ಯ’ ಎಂಬ ಘೋಷಣೆ. ನಮ್ಮಲ್ಲಿ ಇದು ನಡೆಯುತ್ತದೆ. ಅಲ್ಲಿ ಇದರ ಅರ್ಧ ಭಾಗವನ್ನು ಯಾರೂ ಕೇಳಿರುವುದಿಲ್ಲ, ಕೇಳುವ ಸಂಗತಿಗಳೇ ಇದರಲ್ಲಿರುವುದಿಲ್ಲ.

ಜರ್ಮನ್ನರು ರೆಸ್ಯೂಮೆಗೆ ‘ಲೇಬೆನ್ಸ್‌ಲೌಫ್’ ಎನ್ನುತ್ತಾರೆ. ಎಡಗಡೆ ತಿಂಗಳು ಮತ್ತು ವರ್ಷ, ಬಲಗಡೆ ಆ ಅವಧಿಯಲ್ಲಿ ಮಾಡಿದ ಕೆಲಸ. ಈಗಿನ ಕೆಲಸ ಮೊದಲು, ಹಳೆಯದು ಆಮೇಲೆ. ಸಾಮಾನ್ಯವಾಗಿ ಎರಡು ಪುಟ ಸಾಕು. ಅವರ ಕಣ್ಣು ಮೊದಲು ಹೋಗುವುದು ದಿನಾಂಕದ ಸಾಲಿಗೆ. ನಮ್ಮ ಎಂಜಿನಿಯರ್ ‘2019–2020’ ಎಂದಷ್ಟೇ ಬರೆದರೆ, ನಡುವೆ ಏನನ್ನೋ ಮುಚ್ಚಿಡುತ್ತಿದ್ದಾರೆ ಎಂಬ ಅನುಮಾನ ಬರುತ್ತದೆ. ಅವರು ಹಳೆಯ ಕೆಲಸ ಬಿಟ್ಟಿದ್ದು 2019ರ ನವೆಂಬರ್‌ನಲ್ಲಿ, ಹೊಸದಕ್ಕೆ ಸೇರಿದ್ದು 2020ರ ಜೂನ್‌ನಲ್ಲಿ ಎಂದಾದರೆ ನಡುವಿನ ತಿಂಗಳುಗಳಿಗೂ ಒಂದು ಸಾಲು ಬೇಕು: ‘ಜರ್ಮನ್ ಭಾಷಾ ತರಗತಿ, ಬಿ1 ಮಟ್ಟ’ ಎಂದೋ, ‘ಮನೆಯಲ್ಲಿ ಹಿರಿಯರ ಆರೈಕೆ’ ಎಂದೋ. ನಿಜವನ್ನೇ ಬರೆಯಬೇಕು, ಏಕೆಂದರೆ ಸಂದರ್ಶನದಲ್ಲಿ ಅದೇ ಪ್ರಶ್ನೆ ಬರುವುದು ಹೆಚ್ಚು.

ಫೋಟೋ ವಿಚಾರದಲ್ಲಿ ಜರ್ಮನಿ ಎರಡು ದೋಣಿಯಲ್ಲಿ ಕಾಲಿಟ್ಟಿದೆ. 2006ರಲ್ಲಿ ಸಮಾನ ಅವಕಾಶದ ಕಾಯ್ದೆ ಬಂದ ಮೇಲೆ ಕಂಪನಿಗಳು ಫೋಟೋ ಕಡ್ಡಾಯ ಎನ್ನುವಂತಿಲ್ಲ. ಆದರೂ ಮೇಲ್ಭಾಗದಲ್ಲಿ ಒಂದು ಫೋಟೋ ಹಾಕುವ ರೂಢಿ ಪೂರ್ತಿ ಹೋಗಿಲ್ಲ. ಹಾಕುವುದಾದರೆ ಸ್ಟುಡಿಯೋದಲ್ಲಿ ತೆಗೆಸಿದ್ದನ್ನೇ ಹಾಕಿ. ಮದುವೆ ಮನೆಯ ಗುಂಪು ಫೋಟೋದಿಂದ ಕತ್ತರಿಸಿದ ಮುಖ ಬೇಡ. ಹುಟ್ಟಿದ ದಿನ, ರಾಷ್ಟ್ರೀಯತೆಗಳನ್ನು ಬರೆಯುವವರೂ ಇದ್ದಾರೆ, ಆದರೆ ಅದು ನಿಮ್ಮ ಇಷ್ಟ. ಧರ್ಮ, ತಂದೆಯ ಹೆಸರು ಬೇಕಿಲ್ಲ. ನಮ್ಮ ಘೋಷಣೆಯ ಜಾಗದಲ್ಲಿ ಅವರು ಊರು, ದಿನಾಂಕ, ಸಹಿ ಹಾಕುತ್ತಿದ್ದರು. ಈಗ ಅದೂ ಕಡಿಮೆಯಾಗುತ್ತಿದೆ.

ಅಂಕಗಳ ವಿಷಯದಲ್ಲಿ ಎಡವುವವರು ಬಹಳ. ಜರ್ಮನಿಯಲ್ಲಿ 1 ಅತ್ಯುತ್ತಮ, 4 ಕೇವಲ ಪಾಸು. ಅಲ್ಲಿನ ವಿಶ್ವವಿದ್ಯಾಲಯಗಳು ವಿದೇಶಿ ಅಂಕಗಳನ್ನು ತಮ್ಮ ಅಳತೆಗೆ ತರಲು ‘ಬವೇರಿಯನ್ ಸೂತ್ರ’ ಬಳಸುತ್ತವೆ. ಸಿಜಿಪಿಎ 10ಕ್ಕೆ 8.2, ಪಾಸಾಗಲು ಬೇಕಾದದ್ದು 4 ಎನ್ನೋಣ. ಗರಿಷ್ಠದಿಂದ ನಿಮ್ಮ ಅಂಕ ಕಳೆದರೆ 1.8. ಗರಿಷ್ಠದಿಂದ ಪಾಸು ಅಂಕ ಕಳೆದರೆ 6. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ, 3ರಿಂದ ಗುಣಿಸಿ, 1 ಸೇರಿಸಿದರೆ 1.9 ಬರುತ್ತದೆ. ರೆಸ್ಯೂಮೆಯಲ್ಲಿ ‘8.2/10’ ಎಂದೇ ಬರೆದು, ‘ಸುಮಾರು 1.9’ ಎಂದು ಪಕ್ಕದಲ್ಲಿ ಸೂಚಿಸಬಹುದು. ಬರಿಯ ‘8.2’ ಎಂದರೆ ಓದುವವರಿಗೆ ಏನೂ ತಿಳಿಯದು. ಅಂಕಪಟ್ಟಿ, ಪದವಿ ಪತ್ರ, ಹಳೆಯ ಕಂಪನಿಯ ಅನುಭವ ಪತ್ರಗಳನ್ನು ಒಂದೇ ಪಿಡಿಎಫ್ ಮಾಡಿ ಜೊತೆಗೆ ಕಳಿಸುವುದು ಅಲ್ಲಿನ ಪದ್ಧತಿ.

ಇದೇ ಫೈಲನ್ನು ಅಮೆರಿಕಕ್ಕೆ ಕಳಿಸಿದರೆ? ಮೊದಲು ಫೋಟೋ ತೆಗೆಯಿರಿ. ಜನಾಂಗ, ಧರ್ಮ, ಲಿಂಗದ ಮೇಲೆ ಭೇದ ಮಾಡಬಾರದೆಂದು 1964ರ ನಾಗರಿಕ ಹಕ್ಕುಗಳ ಕಾಯ್ದೆಯೂ, 40 ದಾಟಿದವರ ವಯಸ್ಸು ನೋಡಿ ಭೇದ ಮಾಡಬಾರದೆಂದು 1967ರ ಕಾಯ್ದೆಯೂ ಹೇಳುತ್ತವೆ. ಮುಖವನ್ನೂ ಹುಟ್ಟಿದ ವರ್ಷವನ್ನೂ ನೋಡಿ ತಿರಸ್ಕರಿಸಿದರು ಎಂಬ ದೂರು ಬರುವುದೆಂದು ನೇಮಕಾತಿ ವಿಭಾಗದವರಿಗೆ ಅಳುಕು. ಆದ್ದರಿಂದ ವಯಸ್ಸು, ಮದುವೆ, ರಾಷ್ಟ್ರೀಯತೆ ಎಲ್ಲ ಹೊರಕ್ಕೆ. ಹೊಸಬರಾದರೆ ಒಂದೇ ಪುಟ, ಅನುಭವಿಗಳಾದರೆ ಎರಡು. ಪ್ರಮಾಣಪತ್ರಗಳನ್ನು ಕೇಳಿದಾಗ ಕೊಟ್ಟರಾಯಿತು. 05/08/2021 ಎಂದರೆ ಅವರಿಗೆ ಮೇ 8, ನಮಗೆ ಆಗಸ್ಟ್ 5. ತಿಂಗಳನ್ನು ಅಕ್ಷರದಲ್ಲೇ ಬರೆದರೆ ಈ ಗೊಂದಲ ಇರದು. ಬ್ರಿಟನ್ನಿನಲ್ಲಿಯೂ ಫೋಟೋ ಬೇಡ, ಆದರೆ ಅಲ್ಲಿ ಎರಡು ಪುಟದ ಸಿವಿ ಸಾಮಾನ್ಯ.

ಕನ್ನಡಿಗರಿಗೆ ಇನ್ನೊಂದು ತೊಡಕಿದೆ. ಊರಿನ ಹೆಸರು, ಅಪ್ಪನ ಹೆಸರು ಇನಿಷಿಯಲ್ ಆಗಿ, ಸ್ವಂತ ಹೆಸರು ಒಂದೇ ಇರುವವರು ನಮ್ಮಲ್ಲಿ ಅನೇಕರು. ಅಲ್ಲಿನ ಫಾರ್ಮುಗಳಲ್ಲಿ ಮೊದಲ ಹೆಸರು, ಮನೆತನದ ಹೆಸರು ಬೇರೆಬೇರೆ ಕೇಳುತ್ತಾರೆ. ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ರೆಸ್ಯೂಮೆಯಲ್ಲೂ ಫಾರ್ಮಿನಲ್ಲೂ ಬರೆಯಿರಿ. ಒಂದೊಂದರಲ್ಲಿ ಒಂದೊಂದು ರೀತಿ ಇದ್ದರೆ ವೀಸಾ ಹಂತದಲ್ಲಿ ತಲೆನೋವು. ಪಾಸ್‌ಪೋರ್ಟ್ ಸಂಖ್ಯೆಯನ್ನು ಮಾತ್ರ ಯಾವ ದೇಶದ ರೆಸ್ಯೂಮೆಯಲ್ಲೂ ಹಾಕಬೇಡಿ. ಅದು ಬೇಕಾಗುವುದು ಕೆಲಸ ಖಾತ್ರಿಯಾಗಿ ವೀಸಾ ಕಾಗದಗಳು ಓಡಾಡುವಾಗ.