ಬೆರಳು ಯಾವ ಸ್ಲೈಡಿನಲ್ಲಿ ನಿಲ್ಲುತ್ತದೆ?

ಇನ್‌ಸ್ಟಾಗ್ರಾಮಿನಲ್ಲಿ ಹಲವು ಚಿತ್ರಗಳನ್ನು ಒಂದೇ ಪೋಸ್ಟಿನಲ್ಲಿ ಪೋಣಿಸುವ ಕ್ಯಾರೋಸೆಲ್ 2017ರಲ್ಲಿ ಬಂದಾಗ 10 ಸ್ಲೈಡುಗಳ ಮಿತಿಯಿತ್ತು. 2024ರಲ್ಲಿ ಅದು 20ಕ್ಕೇರಿತು. ಜಾಗ ಸಿಕ್ಕಾಗ ತುಂಬಿಬಿಡುವ ಆಸೆ ಸಹಜ. ಆದರೆ ಓದುಗನ ತಾಳ್ಮೆ ಮಿತಿಯ ಜೊತೆಗೆ ಹಿಗ್ಗುವುದಿಲ್ಲ.

ಮಗುವಿಗೆ ಭೇದಿಯಾದಾಗ ಓಆರ್‌ಎಸ್ ಕೊಡುವುದು ಹೇಗೆಂದು ತಾಯಂದಿರಿಗೆ ತಿಳಿಸುವ ಕ್ಯಾರೋಸೆಲ್ ಮಾಡಬೇಕು ಎಂದುಕೊಳ್ಳಿ. ಗೊತ್ತಿರುವುದನ್ನೆಲ್ಲ ಬರೆದರೆ ಸಲೀಸಾಗಿ 14 ಸ್ಲೈಡಾಗುತ್ತದೆ: ಭೇದಿ ಎಂದರೇನು, ಏಕೆ ಬರುತ್ತದೆ, ನಿರ್ಜಲೀಕರಣ ಎಂದರೇನು, ಹೀಗೆ. ಪ್ರತಿ ಸ್ಲೈಡಿನಲ್ಲಿ ಹತ್ತರಲ್ಲೊಬ್ಬರು ಬಿಟ್ಟುಹೋಗುತ್ತಾರೆ ಎಂದಿಟ್ಟುಕೊಂಡು ಲೆಕ್ಕ ಹಾಕಿ. ನೂರು ಜನರಲ್ಲಿ 7ನೇ ಸ್ಲೈಡಿಗೆ ಸುಮಾರು 53 ಮಂದಿ ಉಳಿಯುತ್ತಾರೆ, 14ನೆಯದಕ್ಕೆ 25. ಅಪಾಯದ ಲಕ್ಷಣಗಳನ್ನು ಕೊನೆಗಿಟ್ಟರೆ ಮುಕ್ಕಾಲು ಪಾಲು ಜನರಿಗೆ ಅದು ತಲುಪುವುದೇ ಇಲ್ಲ.

ಹಾಗಾಗಿ ನಮ್ಮ ಬಳಿ ಎಷ್ಟು ವಿಷಯವಿದೆ ಎಂದು ನೋಡಿ ಸ್ಲೈಡುಗಳ ಸಂಖ್ಯೆ ನಿರ್ಧರಿಸಬಾರದು. ಓದಿದ ತಾಯಿ ಏನೇನು ಮಾಡಬೇಕು ಎಂಬುದನ್ನು ಎಣಿಸಬೇಕು. ಇಲ್ಲಿ ಆಕೆಯ ಕೆಲಸ ನಾಲ್ಕೇ. ಒಂದು ಪ್ಯಾಕೆಟ್ಟಿನ ಪುಡಿಯನ್ನು ಅದರ ಮೇಲೆ ಬರೆದಷ್ಟೇ ಶುದ್ಧ ನೀರಿನಲ್ಲಿ ಕಲಸುವುದು; ಪ್ಯಾಕೆಟ್ ಸಿಗದಿದ್ದರೆ ಒಂದು ಲೀಟರ್ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕುವುದು. ಸ್ವಲ್ಪ ಸ್ವಲ್ಪವಾಗಿ ಕುಡಿಸುವುದು, ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ನಿಧಾನವಾಗಿ ಕೊಡುವುದು. ಎದೆಹಾಲು, ಊಟ ನಿಲ್ಲಿಸದಿರುವುದು. ಮಲದಲ್ಲಿ ರಕ್ತ ಕಂಡರೆ, ಕಣ್ಣು ಗುಳಿಬಿದ್ದರೆ, ಮಗು ಮಂಕಾದರೆ, ಕುಡಿಯಲಾರದಂತಾದರೆ ಕೂಡಲೇ ಆಸ್ಪತ್ರೆಗೆ ಹೋಗುವುದು. ಕೆಲಸಕ್ಕೊಂದು ಸ್ಲೈಡ್, ಮುಖಪುಟ, ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ ಎಂಬ ಎಚ್ಚರಿಕೆಗೆ ಇನ್ನೊಂದು: ಒಟ್ಟು ಆರು. ಭೇದಿ ಏಕೆ ಬರುತ್ತದೆ ಎಂಬುದು ಬೇರೊಂದು ದಿನದ ಪೋಸ್ಟು.

ಆರೇ ಇದ್ದರೂ ಬೆರಳು ನಡುವೆ ನಿಲ್ಲಬಹುದು. ಕಾರಣ ಸಾಮಾನ್ಯವಾಗಿ ಬೇಸರವಲ್ಲ, ‘ಸಿಕ್ಕಿತು, ಸಾಕು’ ಎಂಬ ಸಮಾಧಾನ. ಮುಖಪುಟದಲ್ಲಿ ‘ಓಆರ್‌ಎಸ್ ಮಾಡುವುದು ಹೇಗೆ?’ ಎಂದು ಕೇಳಿದರೆ ಅಳತೆ ಸಿಕ್ಕ ಕ್ಷಣಕ್ಕೆ ಓದು ಮುಗಿಯುತ್ತದೆ. ‘ಮಾಡುವುದು, ಕುಡಿಸುವುದು, ಆಸ್ಪತ್ರೆಗೆ ಯಾವಾಗ ಓಡುವುದು’ ಎಂದು ಬರೆದರೆ ಆಕೆಗೆ ಮುಂದೆಯೂ ಏನೋ ಬಾಕಿಯಿದೆ ಎಂದು ಗೊತ್ತಿರುತ್ತದೆ. ಆಗಲೂ ನಾನು ಅಪಾಯದ ಲಕ್ಷಣಗಳನ್ನು ಎರಡನೇ ಸ್ಲೈಡಿಗೇ ತರುತ್ತೇನೆ. ಮಿಕ್ಕದ್ದನ್ನು ಓದದೆ ಹೋದರೂ ಅದೊಂದನ್ನು ಆಕೆ ನೋಡಿರಬೇಕು.

ಪ್ರಕಟಿಸುವ ಮೊದಲು ನಿಮ್ಮ ಪರಿಚಯದ ನಾಲ್ಕೈದು ಜನರ ಕೈಗೆ ಮೊಬೈಲ್ ಕೊಟ್ಟು ಏನೂ ಹೇಳದೆ ಕೂತು ನೋಡಿ. ಎಲ್ಲರೂ ಒಂದೇ ಸ್ಲೈಡಿನಲ್ಲಿ ನಿಂತರೆ ಅದಕ್ಕಿಂತ ಹಿಂದಿನದನ್ನೂ ತಿದ್ದಬೇಕು. ಮುಂದಕ್ಕೆ ಹೋಗಲು ಅದು ಕಾರಣವನ್ನೇ ಉಳಿಸಿರಲಿಕ್ಕಿಲ್ಲ, ಇಲ್ಲವೇ ಹಿಂದೆ ಹೇಳಿದ್ದನ್ನೇ ಮತ್ತೆ ಹೇಳಿರಬಹುದು. ಪ್ರತಿಯೊಬ್ಬರೂ ಬೇರೆ ಬೇರೆ ಕಡೆ ನಿಂತರೆ ಸಂಖ್ಯೆಯೇ ಹೆಚ್ಚಾಗಿದೆ ಎಂದು ಅನುಮಾನಿಸಿ, ಒಂದು ಸ್ಲೈಡನ್ನು ಮುಚ್ಚಿ ಮತ್ತೆ ತೋರಿಸಿ. ಯಾರಿಗೂ ಅದರ ಕೊರತೆ ಕಾಣದಿದ್ದರೆ ತೆಗೆದುಹಾಕಿ.