ಎಕೋ ರಿಪೋರ್ಟಿನ 38 ಪರ್ಸೆಂಟ್ ಏನು ಹೇಳುತ್ತದೆ?

"ನಮ್ಮ ಯಜಮಾನರ ಹಾರ್ಟು ಬರೀ 38 ಪರ್ಸೆಂಟ್ ಕೆಲಸ ಮಾಡ್ತಿದೆಯಂತೆ." ಹೃದಯಾಘಾತವಾಗಿ ಎಕೋ ಮಾಡಿಸಿದ ಮನೆಗಳಲ್ಲಿ ಈ ಬಗೆಯ ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. ಉಳಿದ 62 ಭಾಗ ಕೆಟ್ಟುಹೋಯಿತು ಎಂದು ಹೇಳುವವರೂ ಕೇಳುವವರೂ ಲೆಕ್ಕ ಹಾಕಿಕೊಂಡು ಕಂಗಾಲಾಗಿರುತ್ತಾರೆ. ಆ ಲೆಕ್ಕ ಸರಿಯಲ್ಲ. ಇದು ನೂರಕ್ಕೆ ಇಷ್ಟು ಎಂದು ಕೊಡುವ ಪರೀಕ್ಷೆಯ ಅಂಕವಲ್ಲ. ಗಟ್ಟಿಮುಟ್ಟಾದ ಹೃದಯವನ್ನು ಅಳೆದರೂ ಸಿಗುವುದು ಸುಮಾರು 55ರಿಂದ 70. ನೂರು ಯಾರಿಗೂ ಬರುವುದಿಲ್ಲ, ಬರಲೂ ಬಾರದು.

ಒಂದು ರಿಪೋರ್ಟನ್ನೇ ಮುಂದಿಟ್ಟುಕೊಂಡು ನೋಡೋಣ. 54 ವರ್ಷದ ಒಬ್ಬರಿಗೆ ಹೃದಯಾಘಾತವಾಗಿ ಎದೆಯ ಮುಂಭಾಗದ ದೊಡ್ಡ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ್ದಾರೆ ಎಂದುಕೊಳ್ಳಿ. ಮೂರನೆಯ ದಿನ ಎಕೋ ಆಗಿದೆ. ಕೊನೆಯಲ್ಲಿ ದಪ್ಪ ಅಕ್ಷರಗಳಲ್ಲಿ ಹೀಗಿದೆ: ಆರ್‌ಡಬ್ಲ್ಯುಎಂಎ ಇದೆ, ಎಲ್‌ಎಡಿ ಟೆರಿಟರಿ, ಏಪೆಕ್ಸ್ ಅಕೈನೆಟಿಕ್, ಸೆಪ್ಟಮ್ ಹೈಪೋಕೈನೆಟಿಕ್, ಎಲ್‌ವಿಇಎಫ್ 38%, ಎಲ್‌ವಿ ಗಾತ್ರ ನಾರ್ಮಲ್, ಮೈಲ್ಡ್ ಎಂಆರ್, ಕ್ಲಾಟ್ ಇಲ್ಲ. ಇಷ್ಟರಲ್ಲಿ ಮನೆಯವರ ಕಣ್ಣು ನೆಡುವುದು ಆ 38ರ ಮೇಲೆ ಮಾತ್ರ. ಆದರೆ ಆ ಅಂಕಿಗೆ ಅರ್ಥ ಬರುವುದು ಅದರ ಹಿಂದೆ ಮುಂದೆ ಇರುವ ಮಾತುಗಳಿಂದ.

ಹೃದಯದಲ್ಲಿ ನಾಲ್ಕು ಕೋಣೆಗಳಿವೆ. ಮೈಗೆಲ್ಲ ರಕ್ತ ತಳ್ಳುವುದು ಎಡ ಕೆಳಕೋಣೆ. ಪಠ್ಯಪುಸ್ತಕದಲ್ಲಿ ಅದನ್ನು ಎಡ ಹೃತ್ಕುಕ್ಷಿ ಎಂದು ಓದಿರುತ್ತೇವೆ, ರಿಪೋರ್ಟಿನಲ್ಲಿ ಅದೇ ಎಲ್‌ವಿ. ಪ್ರತಿ ಬಡಿತಕ್ಕೂ ಅದು ತುಂಬಿಕೊಳ್ಳುತ್ತದೆ, ಹಿಂಡುತ್ತದೆ. ಪೂರ್ತಿ ತುಂಬಿದಾಗ ಇದ್ದ ರಕ್ತದಲ್ಲಿ ಎಷ್ಟು ಪಾಲು ಹೊರಬಿತ್ತು ಎಂಬುದೇ ಇಎಫ್, ಅಂದರೆ ಇಜೆಕ್ಷನ್ ಫ್ರಾಕ್ಷನ್. ನಮ್ಮ ರೋಗಿಯ ಎಲ್‌ವಿಯಲ್ಲಿ ತುಂಬಿದಾಗ 120 ಮಿಲಿಲೀಟರ್ ರಕ್ತವಿದೆ, ಹಿಂಡಿದ ಮೇಲೂ 74 ಒಳಗೇ ಉಳಿದಿದೆ. ಹೊರಗೆ ಹೋದದ್ದು 46. ಅದನ್ನು 120ರಿಂದ ಭಾಗಿಸಿದರೆ ನೂರಕ್ಕೆ 38. ಆರೋಗ್ಯವಾಗಿರುವ ಒಬ್ಬರಲ್ಲಿ 110 ತುಂಬಿ 42 ಉಳಿದರೆ, ಹೊರಹೋದದ್ದು 68, ಇಎಫ್ 62. ಅಲ್ಲೂ ಒಂದಷ್ಟು ರಕ್ತ ಉಳಿದೇ ಇದೆ ಎಂಬುದನ್ನು ಗಮನಿಸಿ.

ಈಗ ಇನ್ನೊಬ್ಬ ರೋಗಿಯನ್ನು ನೋಡಿ. ಅವರ ಇಎಫ್ ಕೂಡ 38. ಆದರೆ ಅವರ ಎಲ್‌ವಿ ಹಿಗ್ಗಿದೆ. ತುಂಬಿದಾಗ 180, ಹಿಂಡಿದ ಮೇಲೆ 112. ಹೊರಹೋದದ್ದು 68 ಮಿಲಿಲೀಟರ್, ಆರೋಗ್ಯವಂತನ ಹೃದಯ ತಳ್ಳುವಷ್ಟೇ! ಹಾಗಾದರೆ ಇವರೇ ವಾಸಿ ಎನ್ನಬೇಕೇ? ಇಲ್ಲ. ಹಿಂಡುವ ಬಲ ಕುಂದಿದ ಹೃದಯ ಹೆಚ್ಚು ರಕ್ತ ತುಂಬಿಕೊಂಡು, ಅದರಲ್ಲಿ ಸಣ್ಣ ಪಾಲನ್ನು ತಳ್ಳಿಯಾದರೂ ದೇಹದ ಅಗತ್ಯ ಪೂರೈಸುತ್ತದೆ. ಕೆಲವು ಕಾಲ ಇದು ನಡೆಯುತ್ತದೆ, ರೋಗಿಗೆ ಆಯಾಸವೂ ಗೊತ್ತಾಗದಿರಬಹುದು. ಆದರೆ ಕೋಣೆ ಹಿಗ್ಗಿದಷ್ಟೂ ಅದರ ಗೋಡೆಯ ಮೇಲಿನ ಎಳೆತ ಹೆಚ್ಚುತ್ತದೆ, ಎಳೆತ ಹೆಚ್ಚಿದಷ್ಟೂ ಸ್ನಾಯು ಇನ್ನಷ್ಟು ಸೋಲುತ್ತದೆ, ಸೋತಷ್ಟೂ ಮತ್ತೆ ಹಿಗ್ಗುತ್ತದೆ. ಇಎಫ್ ಒಂದೇ ಆದರೂ ಮೊದಲನೆಯವರದು ಮೊನ್ನೆ ಬಿದ್ದ ಪೆಟ್ಟು. ಎರಡನೆಯವರದು ಬಹುಕಾಲದಿಂದ ನಡೆದುಬಂದ ಸೋಲು. ವೈದ್ಯರು ಎಲ್‌ವಿ ಗಾತ್ರವನ್ನು ಇಎಫ್‌ನಷ್ಟೇ ಎಚ್ಚರದಿಂದ ನೋಡುವುದು ಇದಕ್ಕೇ.

ಗಾತ್ರವನ್ನು ರಿಪೋರ್ಟಿನ ಮೇಲ್ಭಾಗದ ಕೋಷ್ಟಕದಲ್ಲಿ ಹುಡುಕಬೇಕು. ಎಲ್‌ವಿಐಡಿ-ಡಿ ಎಂದರೆ ತುಂಬಿದಾಗಿನ ಅಡ್ಡಳತೆ, ಎಲ್‌ವಿಐಡಿ-ಎಸ್ ಎಂದರೆ ಹಿಂಡಿದಾಗಿನದು. ಮೊದಲನೆಯದು ಗಂಡಸರಲ್ಲಿ 58 ಮಿಲಿಮೀಟರ್, ಹೆಂಗಸರಲ್ಲಿ 52 ಮಿಲಿಮೀಟರ್ ತನಕ ಸಹಜ ಎಂಬ ಮಿತಿ ಈಗ ಬಳಕೆಯಲ್ಲಿದೆ. ಇಲ್ಲೊಂದು ತೊಡಕು ಇದೆ. 42 ಕೆಜಿ ತೂಗುವ ಕುಳ್ಳಗಿನ ಹೆಂಗಸಿಗೆ 52 ಎಂಬುದು ನಿಜಕ್ಕೂ ದೊಡ್ಡದಾಗಿರಬಹುದು. ಹಾಗಾಗಿ ಎತ್ತರ ಮತ್ತು ತೂಕಕ್ಕೆ ತಕ್ಕಂತೆ ಅಳತೆಯನ್ನು ಹೊಂದಿಸಿ ನೋಡುವ ಪದ್ಧತಿಯಿದೆ. ಎಕೋ ಮಾಡುವಾಗ ಎತ್ತರ, ತೂಕ ಕೇಳಿದರೆ ಅಂದಾಜಿಗೆ ಏನೋ ಹೇಳದೆ ಸರಿಯಾದದ್ದನ್ನೇ ಹೇಳಿ.

ಇನ್ನು ಗೋಡೆಯ ಚಲನೆಗೆ ಬರೋಣ. ಹೃದಯಾಘಾತವಾದವರ ರಿಪೋರ್ಟಿನಲ್ಲಿ ಹೆಚ್ಚು ಕಥೆ ಇರುವುದು ಇಲ್ಲಿ. ಎಲ್‌ವಿಯ ಗೋಡೆಯನ್ನು ವೈದ್ಯರು 16 ಅಥವಾ 17 ತುಂಡುಗಳಾಗಿ ಕಲ್ಪಿಸಿಕೊಂಡು ಒಂದೊಂದನ್ನೂ ಬೇರೆಯಾಗಿ ನೋಡುತ್ತಾರೆ. ಸ್ನಾಯು ಹಿಂಡುವಾಗ ಒಳಕ್ಕೆ ಸರಿಯುವುದಷ್ಟೇ ಅಲ್ಲ, ದಪ್ಪವೂ ಆಗಬೇಕು. ದಪ್ಪವಾಗುವುದೇ ಮುಖ್ಯ, ಏಕೆಂದರೆ ಸತ್ತ ತುಂಡನ್ನು ಅಕ್ಕಪಕ್ಕದ ಗಟ್ಟಿ ಸ್ನಾಯು ಎಳೆದುಕೊಂಡು ಹೋದಾಗ ಅದೂ ಅಲುಗಿದಂತೆ ಕಾಣುತ್ತದೆ. ತುಂಡು ಕಡಿಮೆ ಹಿಂಡಿದರೆ ಹೈಪೋಕೈನೆಟಿಕ್, ಹಿಂಡದೇ ಇದ್ದರೆ ಅಕೈನೆಟಿಕ್, ಉಳಿದದ್ದೆಲ್ಲ ಒಳಕ್ಕೆ ಹಿಂಡುವಾಗ ಇದು ಹೊರಕ್ಕೆ ಉಬ್ಬಿದರೆ ಡಿಸ್‌ಕೈನೆಟಿಕ್. ಪಲ್ಲಕ್ಕಿ ಹೊತ್ತ ನಾಲ್ವರಲ್ಲಿ ಒಬ್ಬ ಸೋತರೆ ಭಾರ ಮಿಕ್ಕ ಮೂವರ ಹೆಗಲಿಗೆ ಬೀಳುವಂತೆ, ಇಲ್ಲೂ ಉಳಿದ ತುಂಡುಗಳು ಜಾಸ್ತಿ ದುಡಿಯುತ್ತವೆ. ಒಂದು ಭಾಗ ಪೂರ್ತಿ ನಿಂತುಹೋಗಿದ್ದರೂ ಇಎಫ್ 50ರ ಆಸುಪಾಸು ಇರುವುದು ಇದರಿಂದಲೇ.

ಆರ್‌ಡಬ್ಲ್ಯುಎಂಎ ಎಂದರೆ ಗೋಡೆಯ ಯಾವುದೋ ಒಂದು ಪ್ರದೇಶದ ಚಲನೆ ಮಾತ್ರ ಕೆಟ್ಟಿದೆ ಎಂದರ್ಥ. ಎಲ್‌ಎಡಿ ಎಂಬ ನಾಳ ಮುಂಭಾಗ, ಎರಡು ಕೋಣೆಗಳ ನಡುಗೋಡೆಯ ಬಹುಪಾಲು ಮತ್ತು ತುದಿಗೆ ರಕ್ತ ಕೊಡುತ್ತದೆ. ಆ ತುದಿಯೇ ಏಪೆಕ್ಸ್, ನಡುಗೋಡೆಯೇ ಸೆಪ್ಟಮ್. ಬಲ ನಾಳ ಸಾಮಾನ್ಯವಾಗಿ ಕೆಳಗೋಡೆಗೆ, ಸರ್ಕಂಫ್ಲೆಕ್ಸ್ ಪಕ್ಕದ ಗೋಡೆಗೆ. ಹಾಗಾಗಿ ಕೆಟ್ಟ ತುಂಡುಗಳನ್ನು ನೋಡಿದರೆ ಯಾವ ನಾಳ ಕಟ್ಟಿತ್ತು ಎಂದು ಊಹಿಸಬಹುದು. ಊಹಿಸಬಹುದು ಅಷ್ಟೆ. ಎಕೋದಲ್ಲಿ ನಾಳದ ಬ್ಲಾಕ್ ಕಾಣುವುದಿಲ್ಲ, ಅದರ ಪರಿಣಾಮ ಸ್ನಾಯುವಿನ ಮೇಲೆ ಆಗಿದ್ದರೆ ಮಾತ್ರ ಕಾಣುತ್ತದೆ. "ಎಕೋ ನಾರ್ಮಲ್ ಇದೆ, ಬ್ಲಾಕ್ ಇಲ್ಲ" ಎಂದು ನಡೆಯುವಾಗ ಬರುವ ಎದೆನೋವನ್ನು ಕಡೆಗಣಿಸುವವರನ್ನು ಕಂಡರೆ ನನಗೆ ನಿಜವಾಗಿಯೂ ಭಯವಾಗುತ್ತದೆ. ವಿಶ್ರಾಂತಿಯಲ್ಲಿ ಮಾಡಿದ ಎಕೋ ಚೆನ್ನಾಗಿದ್ದೂ ನಾಳಗಳಲ್ಲಿ ದೊಡ್ಡ ತಡೆ ಇರಬಹುದು. ಇನ್ನೊಂದು ಕಡೆ, ಬೈಪಾಸ್ ಆದವರಲ್ಲಿ, ಪೇಸ್‌ಮೇಕರ್ ಇರುವವರಲ್ಲಿ, ಇಸಿಜಿಯಲ್ಲಿ ಎಲ್‌ಬಿಬಿಬಿ ಇರುವವರಲ್ಲಿ ಹೃದಯಾಘಾತ ಆಗದೆಯೂ ಸೆಪ್ಟಮ್ ವಿಚಿತ್ರವಾಗಿ ಅಲುಗುತ್ತದೆ. ಒಂದು ಪ್ರದೇಶವಲ್ಲದೆ ಇಡೀ ಗೋಡೆಯೇ ಮಂದವಾಗಿದ್ದರೆ ಗ್ಲೋಬಲ್ ಹೈಪೋಕೈನೀಸಿಯಾ ಎಂದು ಬರೆಯುತ್ತಾರೆ. ಆಗ ಕಾರಣ ಬೇರೆಯೇ ಇರಬಹುದು: ಸ್ನಾಯುವಿನ ಕಾಯಿಲೆ, ವೈರಸ್ ಸೋಂಕು, ಬಹುಕಾಲದ ಮದ್ಯಪಾನ, ಕ್ಯಾನ್ಸರಿನ ಕೆಲವು ಔಷಧಗಳು.

ನಮ್ಮ ರೋಗಿಯ ಏಪೆಕ್ಸ್ ಅಕೈನೆಟಿಕ್ ಎಂದಿದೆಯಲ್ಲ, ಅದು ಸತ್ತೇಹೋಯಿತೇ? ಮೂರನೆಯ ದಿನ ಹಾಗೆ ತೀರ್ಮಾನಿಸುವುದು ಅವಸರವಾದೀತು. ರಕ್ತವಿಲ್ಲದೆ ಬಳಲಿದ ಸ್ನಾಯು ನಾಳ ತೆರೆದ ಮೇಲೂ ದಿನಗಟ್ಟಲೆ, ವಾರಗಟ್ಟಲೆ ಸ್ತಬ್ಧವಾಗಿ ಉಳಿದು ಆಮೇಲೆ ಎಚ್ಚೆತ್ತುಕೊಳ್ಳುವುದುಂಟು. ಎಚ್ಚೆತ್ತುಕೊಳ್ಳದ ಭಾಗದ ಸುಳಿವು ಬೇರೆ ಇರುತ್ತದೆ: ಗೋಡೆ ತೆಳ್ಳಗಾಗಿ, ಪರದೆಯ ಮೇಲೆ ಬೆಳ್ಳಗೆ ಹೊಳೆಯುತ್ತದೆ. ರಿಪೋರ್ಟಿನಲ್ಲಿ 'ಥಿನ್ಡ್', 'ಸ್ಕಾರ್ಡ್' ಎಂದು ಬರೆದಿದ್ದರೆ ಅದು ಹಳೆಯ ಗಾಯ. ನಮ್ಮ ರಿಪೋರ್ಟಿನಲ್ಲಿ ಆ ಮಾತಿಲ್ಲ, ಎಲ್‌ವಿ ಹಿಗ್ಗಿಯೂ ಇಲ್ಲ. 38 ಎಂಬ ಅಂಕಿಗಿಂತ ಈ ಎರಡು ಸಂಗತಿಗಳೇ ಹೆಚ್ಚು ಭರವಸೆ ಕೊಡುವಂಥವು. 'ಕ್ಲಾಟ್ ಇಲ್ಲ' ಎಂಬುದೂ ದೊಡ್ಡ ಸಮಾಧಾನ. ಅಲುಗದ ತುದಿಯಲ್ಲಿ ರಕ್ತ ನಿಂತು ಹೆಪ್ಪುಗಟ್ಟಿ, ಆ ಹೆಪ್ಪು ಮಿದುಳಿಗೆ ಹೋದರೆ ಪಾರ್ಶ್ವವಾಯು ಆಗುತ್ತದೆ. ಕ್ಲಾಟ್ ಕಂಡಿದ್ದರೆ ರಕ್ತ ತೆಳುವಾಗಿಸುವ ಔಷಧ ಹೆಚ್ಚುವರಿಯಾಗಿ ಬೇಕಾಗುತ್ತಿತ್ತು. ಮೈಲ್ಡ್ ಎಂಆರ್, ಅಂದರೆ ಮೈಟ್ರಲ್ ಕವಾಟದ ಅಲ್ಪ ಸೋರಿಕೆ, ಇಷ್ಟಕ್ಕೇ ಚಿಂತಿಸಬೇಕಾದ್ದಲ್ಲ. ಮುಂದಿನ ಎಕೋದಲ್ಲಿ ಅದು ಹೆಚ್ಚಾಗಿದೆಯೇ ಎಂದು ನೋಡಿಕೊಂಡರೆ ಸಾಕು.

ಇಎಫ್ ಅಳೆಯುವ ವಿಧಾನವನ್ನೂ ಸ್ವಲ್ಪ ತಿಳಿದಿರಬೇಕು, ಏಕೆಂದರೆ ಎಷ್ಟೋ ಮನೆಗಳ ಗೊಂದಲ ಹುಟ್ಟುವುದು ಅಲ್ಲಿಂದ. ಎಂ-ಮೋಡ್ ಎಂಬ ಹಳೆಯ ವಿಧಾನ ಹೃದಯದ ಮೇಲ್ಭಾಗದ ಹತ್ತಿರ ಒಂದು ಗೆರೆ ಹಾಯಿಸಿ ಎರಡು ಗೋಡೆಗಳ ನಡುವಿನ ಅಂತರವನ್ನಷ್ಟೇ ಅಳೆದು ಇಡೀ ಕೋಣೆಯ ಗಾತ್ರವನ್ನು ಲೆಕ್ಕ ಕಟ್ಟುತ್ತದೆ. ನಮ್ಮ ರೋಗಿಯಲ್ಲಿ ಆ ಗೆರೆ ಹಾಯುವ ಜಾಗ ಚೆನ್ನಾಗಿದೆ, ಕೆಟ್ಟಿರುವುದು ತುದಿ. ಆ ಲೆಕ್ಕದಲ್ಲಿ ಇಎಫ್ 52 ಎಂದು ಬಂದರೂ ಆಶ್ಚರ್ಯವಿಲ್ಲ. ಸಿಂಪ್ಸನ್ಸ್ ಎಂಬ ವಿಧಾನದಲ್ಲಿ ಎರಡು ಕೋನಗಳಿಂದ ಕೋಣೆಯ ಒಳಅಂಚನ್ನು ಪೂರ್ತಿ ಗುರುತಿಸುತ್ತಾರೆ, ತುದಿಯೂ ಲೆಕ್ಕಕ್ಕೆ ಸಿಗುತ್ತದೆ, 38 ಬರುತ್ತದೆ. ಒಂದೇ ರಿಪೋರ್ಟಿನ ಕೋಷ್ಟಕದಲ್ಲಿ ಒಂದು ಇಎಫ್, ಕೆಳಗೆ ಷರಾದಲ್ಲಿ ಮತ್ತೊಂದು ಇದ್ದರೆ ಹೆಚ್ಚಾಗಿ ಕಾರಣ ಇದೇ. ಹೃದಯಾಘಾತವಾದವರಲ್ಲಿ ನಂಬಬೇಕಾದದ್ದು ಎರಡನೆಯ ವಿಧಾನದ ಅಂಕಿಯನ್ನು. ಅಷ್ಟಾದರೂ, ಇಬ್ಬರು ನುರಿತ ವೈದ್ಯರು ಒಬ್ಬನೇ ರೋಗಿಯನ್ನು ನೋಡಿ ಐದಾರು ಅಂಕಿ ಹೆಚ್ಚು ಕಡಿಮೆ ಬರೆಯುವುದು ಸಹಜ. ಕಳೆದ ಸಲ 42 ಇತ್ತು, ಈಗ 39 ಆಗಿದೆ ಎಂದು ನಿದ್ದೆಗೆಡುವುದರಲ್ಲಿ ಅರ್ಥವಿಲ್ಲ. 45 ಇದ್ದದ್ದು 30 ಆದರೆ, ಜೊತೆಗೆ ಎಲ್‌ವಿಐಡಿ-ಡಿ 52ರಿಂದ 60ಕ್ಕೆ ಏರಿದ್ದರೆ, ಅದು ನಿಜವಾದ ಬದಲಾವಣೆ.

ಮಾತ್ರೆಗಳನ್ನು ತಪ್ಪದೆ ತೆಗೆದುಕೊಂಡ ನಮ್ಮ ರೋಗಿಯ ಎಕೋ ಮೂರು ತಿಂಗಳಿಗೆ ಮತ್ತೆ ಆಗಿದೆ ಎನ್ನಿ. ತುಂಬಿದಾಗ 118, ಉಳಿದದ್ದು 61, ಇಎಫ್ 48. ಸೆಪ್ಟಮ್ ನಾರ್ಮಲ್, ತುದಿ ಮಾತ್ರ ಹೈಪೋಕೈನೆಟಿಕ್. ಅಕೈನೆಟಿಕ್ ಎಂದಿದ್ದದ್ದು ಹೈಪೋಕೈನೆಟಿಕ್ ಆಗಿದೆ, ಅಂದರೆ ತುದಿಯ ಸ್ನಾಯು ಜೀವಂತವಾಗಿದೆ. ಕೋಣೆ ಹಿಗ್ಗಿಲ್ಲ. ಈಗ ಗುಣವಾಯಿತಲ್ಲ ಎಂದು ಮಾತ್ರೆ ಬಿಡುವ ಹಾಗಿಲ್ಲ, ಆ ಮಾತ್ರೆಗಳೂ ಸೇರಿಯೇ ಹೃದಯವನ್ನು ಹಿಗ್ಗದಂತೆ ಹಿಡಿದಿರುತ್ತವೆ. ಬದಲಿಗೆ ಇಎಫ್ 35 ಅಥವಾ ಅದಕ್ಕಿಂತ ಕೆಳಗೇ ಉಳಿದಿದ್ದರೆ ಮಾತು ಬೇರೆಯಾಗುತ್ತಿತ್ತು. ಅಂಥ ಹೃದಯದಲ್ಲಿ ಬಡಿತ ಹಠಾತ್ತನೆ ಲಯ ತಪ್ಪಿ ಸಾವು ಸಂಭವಿಸುವ ಅಪಾಯ ಹೆಚ್ಚು. ಅದನ್ನು ತಡೆಯಲು ಎದೆಯ ಚರ್ಮದಡಿ ಐಸಿಡಿ ಎಂಬ ಸಾಧನ ಇಡಬೇಕೇ ಎಂದು ವೈದ್ಯರು ಯೋಚಿಸುತ್ತಾರೆ. ಹೃದಯಾಘಾತವಾಗಿ ಕನಿಷ್ಠ 40 ದಿನ, ಸ್ಟೆಂಟ್ ಹಾಕಿದ್ದರೆ ಸಾಮಾನ್ಯವಾಗಿ ಮೂರು ತಿಂಗಳು ಕಾದು, ಮತ್ತೆ ಎಕೋ ಮಾಡಿಯೇ ಅದನ್ನು ನಿರ್ಧರಿಸುವುದು. ಆ ದಿನ ಹೋಗುವಾಗ ಮೊದಲ ರಿಪೋರ್ಟನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಸಾಧ್ಯವಾದರೆ ಅದೇ ಕಡೆ, ಅದೇ ವಿಧಾನದಲ್ಲಿ ಅಳೆಯಲು ಕೇಳಿ. ಇಎಫ್ ಎಷ್ಟಾಯಿತು ಎಂದು ಕೇಳಿದ ಮೇಲೆ, ಎಲ್‌ವಿ ಹಿಗ್ಗಿದೆಯೇ, ಅಂದು ನಿಂತಿದ್ದ ಭಾಗ ಇಂದು ಹಿಂಡುತ್ತಿದೆಯೇ ಎಂದೂ ಕೇಳಿ.